ಬಿಸಿಯೂಟದ ಮುಖ್ಯ ಅಡುಗೆಯವರಿಗೆ ಬೀಳ್ಕೊಡುಗೆ: ಅಡುಗೆಮನೆಯವರು ತಮ್ಮ ಮಾತು ಸಿದ್ಧಪಡಿಸಿಕೊಳ್ಳುವ ಬಗೆ

ಸರ್ಕಾರಿ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರಿಗೆ 60 ವರ್ಷ ತುಂಬಿದಾಗ ಶಾಲೆಯಲ್ಲಿ ಒಂದು ಪುಟ್ಟ ಕಾರ್ಯಕ್ರಮ ಏರ್ಪಾಡಾಗುತ್ತದೆ. ಮುಖ್ಯ ಶಿಕ್ಷಕರು ಮಾತನಾಡುತ್ತಾರೆ, ಎಸ್‌ಡಿಎಂಸಿ ಅಧ್ಯಕ್ಷರು ಮಾತನಾಡುತ್ತಾರೆ, ಶಾಲು ಹೊದಿಸಿ ಹಾರ ಹಾಕುತ್ತಾರೆ. ವರ್ಷಗಟ್ಟಲೆ ಆಕೆಯ ಜೊತೆ ಒಂದೇ ಒಲೆಯ ಮುಂದೆ ಬೆವರು ಸುರಿಸಿದ ಸಹಾಯಕ ಅಡುಗೆಯವರು ಮಾತ್ರ ಬಾಗಿಲ ಬಳಿ ನಿಂತು ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ಮಾತನಾಡಿ ಎಂದು ಯಾರಾದರೂ ಕರೆದರೂ "ನಮಗೇನು ಗೊತ್ತು, ನೀವೇ ಹೇಳಿ" ಎಂದು ಹಿಂದೆ ಸರಿಯುತ್ತಾರೆ. ಆದರೆ ಆಕೆಯ ಕೆಲಸ ಹೇಗಿತ್ತು ಎನ್ನುವುದು ಸರಿಯಾಗಿ ಗೊತ್ತಿರುವುದು ಅವರಿಗೇ. ನಮಗೆ ಗೊತ್ತಿರುವುದು ಊಟದ ರುಚಿ ಮಾತ್ರ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಲೆಕ್ಕಪತ್ರ ನೋಡಿಕೊಳ್ಳುವ ಶಿಕ್ಷಕಿಯಾಗಿ ಇಂಥ ಮಾತುಗಳನ್ನು ಸಿದ್ಧಪಡಿಸಲು ಅಡುಗೆಯವರ ಜೊತೆ ಕುಳಿತಿದ್ದೇನೆ. ಅಡುಗೆಮನೆಯವರೇ ಒಟ್ಟಾಗಿ ನಾಲ್ಕೈದು ನಿಮಿಷ ಮಾತನಾಡುವಂತೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಉದಾಹರಣೆಗೆ ಒಂದರಿಂದ ಏಳನೆಯ ತರಗತಿಯವರೆಗೆ 180 ಮಕ್ಕಳಿರುವ ಶಾಲೆಯನ್ನು ಇಟ್ಟುಕೊಳ್ಳೋಣ. ಯೋಜನೆಯ ಮಾನದಂಡದಂತೆ 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ಪ್ರತಿ 100 ಮಕ್ಕಳಿಗೆ ಇನ್ನೊಬ್ಬರು ಅಡುಗೆಯವರು ಇರಬೇಕು. ಹಾಗಾಗಿ ಇಲ್ಲಿ ಮೂವರು: ಮುಖ್ಯ ಅಡುಗೆಯವರು ಒಬ್ಬರು, ಸಹಾಯಕರು ಇಬ್ಬರು. ಹೊರಡುವವರನ್ನು ಉಳಿದಿಬ್ಬರೂ "ದೊಡ್ಡಕ್ಕ" ಎಂದು ಕರೆಯುತ್ತಾರೆ ಎಂದುಕೊಳ್ಳಿ.

ಮೊದಲು ಹೊತ್ತು ಗೊತ್ತುಮಾಡಿ

ಭಾಷಣ ಬರೆಯುವ ಮುನ್ನವೇ ತೀರ್ಮಾನವಾಗಬೇಕಾದ ವಿಷಯ ಕಾರ್ಯಕ್ರಮದ ಸಮಯ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಅಡುಗೆಮನೆಯವರಿಗೆ ಅದು ಮಾತನಾಡುವ ಹೊತ್ತಲ್ಲ. ಹಾಲು ಹಂಚಿ ಮುಗಿದು ಅನ್ನದ ಎಸರು ಕುದಿಯುತ್ತಿರುತ್ತದೆ, ಬೇಳೆ ಬೇಯುತ್ತಿರುತ್ತದೆ. ಒಬ್ಬರು ಒಲೆಯ ಹತ್ತಿರ ಇರಲೇಬೇಕು. ಕಾರ್ಯಕ್ರಮಕ್ಕೆ ಬಂದವರ ಮನಸ್ಸೂ ಅನ್ನದ ಮೇಲೆಯೇ ಇರುತ್ತದೆ. ಊಟ ಮುಗಿದ ತಕ್ಷಣ ಇಟ್ಟರೆ ಪಾತ್ರೆ ತೊಳೆಯುವ ಕೆಲಸ ಬಾಕಿ ಉಳಿಯುತ್ತದೆ. ಅದನ್ನು ಬಾಕಿ ಬಿಟ್ಟು ಬಂದು ಕೂರಲು ಅವರಿಗೆ ಆಗುವುದಿಲ್ಲ, ಎಲ್ಲರಿಗಿಂತ ಮೊದಲು ದೊಡ್ಡಕ್ಕನಿಗೇ ಆಗುವುದಿಲ್ಲ. ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ ಮೇಲೆ, ಅಂದರೆ ಮಧ್ಯಾಹ್ನ ಮೂರರ ಸುಮಾರಿಗೆ ಕಾರ್ಯಕ್ರಮ ಶುರುವಾಗಲಿ. ಇದನ್ನು ಮುಖ್ಯ ಶಿಕ್ಷಕರ ಬಳಿ ವಾರಕ್ಕೆ ಮುಂಚೆಯೇ ಮಾತನಾಡಿಕೊಳ್ಳಿ.

ಅಂದಿನ ಅಡುಗೆ ಯಾರು ಮಾಡುತ್ತಾರೆ ಎಂಬುದನ್ನೂ ಆಗಲೇ ಹೇಳಿಬಿಡಬೇಕು. ತನ್ನ ಬೀಳ್ಕೊಡುಗೆಯ ಪಾಯಸವನ್ನು ತಾನೇ ಕದಡುತ್ತ ನಿಂತ ಹೆಂಗಸರನ್ನು ನಾನು ನೋಡಿದ್ದೇನೆ. ಬೇಡ ಎಂದರೂ ಆಕೆ ಎಂದಿನ ಹೊತ್ತಿಗೇ ಬಂದು ಸೆರಗು ಸಿಕ್ಕಿಸುತ್ತಾರೆ. ಹಾಗಾಗಿ ಸುಮ್ಮನೆ ಕೂರಿ ಎಂದು ಹೇಳಬೇಡಿ. ಒಂದೇ ಕೆಲಸ ಅವರಿಗೆಂದು ಇಡಿ: ಸಾಂಬಾರಿಗೆ ಒಗ್ಗರಣೆ ಅವರೇ ಹಾಕಲಿ, ಉಪ್ಪು ಖಾರ ಅವರೇ ನೋಡಲಿ. ಉಳಿದದ್ದೆಲ್ಲ ನೀವಿಬ್ಬರು ಮಾಡಿ. ಊಟ ಮುಗಿದ ಮೇಲೆ ಅವರನ್ನು ಮನೆಗೆ ಕಳುಹಿಸಿ, ಸೀರೆ ಬದಲಿಸಿ ಮನೆಯವರನ್ನು ಕರೆದುಕೊಂಡು ಬರಲು ಒಂದು ಗಂಟೆ ಸಮಯ ಕೊಡಿ.

ಮಾತಿನ ಸರದಿಯೂ ಮುಖ್ಯ. ಅಡುಗೆಮನೆಯವರ ಮಾತು ಎಲ್ಲರ ಮಾತು ಮುಗಿದ ಮೇಲೆ, ದೊಡ್ಡಕ್ಕನ ಉತ್ತರಕ್ಕೆ ಸ್ವಲ್ಪ ಮುಂಚೆ ಬಂದರೆ ಒಳ್ಳೆಯದು. ನೀವು ಅಡುಗೆಮನೆಯ ಸಂಗತಿ ಎತ್ತಿದರೆ ಆಕೆ ಅದನ್ನೇ ಹಿಡಿದು ಮಾತನಾಡಬಹುದು. ಆಗ "ಏನು ಹೇಳಲಿ" ಎಂದು ತಡವರಿಸುವ ಪ್ರಮೇಯ ಇರುವುದಿಲ್ಲ.

ನೆನಪುಗಳನ್ನು ಕೂಡಿಸುವುದು

ಹಾಳೆ, ಪೆನ್ನು ಹಿಡಿದು ಕುಳಿತು "ದೊಡ್ಡಕ್ಕನ ಬಗ್ಗೆ ಹೇಳಿ" ಎಂದರೆ ಬರುವ ಉತ್ತರ ಒಂದೇ: "ತುಂಬಾ ಒಳ್ಳೆಯವರು." ಅದು ನಿಜವೇ, ಆದರೆ ಅದರಿಂದ ಭಾಷಣ ಹುಟ್ಟುವುದಿಲ್ಲ. ದೊಡ್ಡಕ್ಕ ಇಲ್ಲದ ಹೊತ್ತು ನೋಡಿಕೊಂಡು, ತರಕಾರಿ ಹೆಚ್ಚುವಾಗ ಮಾತಿಗೆ ಕೂರಿ. ಒಂದು ದಿನದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಸರದಿಯಾಗಿ ನೆನೆಯುತ್ತ ಹೋಗಿ. ಬೀಗ ತೆಗೆಯುವುದರಿಂದ ಶುರುಮಾಡಿ, ಹಾಲು, ಅಕ್ಕಿ, ಬೇಳೆ, ಬಡಿಸುವುದು, ಪಾತ್ರೆ ತೊಳೆಯುವುದು, ಹೀಗೆ. ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿ: "ಇದನ್ನು ದೊಡ್ಡಕ್ಕ ಹೇಗೆ ಮಾಡುತ್ತಾರೆ? ನಾವು ಮಾಡಿದರೆ ಏನು ಬೇರೆ ಆಗುತ್ತದೆ?"

ಹಾಲಿನ ಉದಾಹರಣೆ ನೋಡಿ. ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು. 180 ಮಕ್ಕಳೆಂದರೆ ಮೂರೂಕಾಲು ಕಿಲೊದಷ್ಟು ಪುಡಿ, 27 ಲೀಟರ್ ಹಾಲು. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟು ಕಟ್ಟುತ್ತದೆ. ಆ ಗಂಟು ಲೋಟದ ತಳದಲ್ಲಿ ಸಿಕ್ಕಿದರೆ ಮಗು ಮರುದಿನ ಹಾಲು ಮುಟ್ಟುವುದಿಲ್ಲ. ಪುಡಿಯನ್ನು ಮೊದಲು ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಕಲಸಿ, ತೆಳ್ಳಗೆ ಮಾಡಿಕೊಂಡು, ಆಮೇಲೆ ದೊಡ್ಡ ಪಾತ್ರೆಗೆ ಸೇರಿಸಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಧಾನ. ಆದರೆ ಕಲಸುವ ಕೆಲಸವನ್ನು ಸೌಟಿಗೆ ಬಿಡದೆ, ಬೆರಳಿನಿಂದ ಪಾತ್ರೆಯ ಅಂಚು ಸವರಿ ಗಂಟು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವವರು ದೊಡ್ಡಕ್ಕ ಆಗಿದ್ದರೆ, ಅದು ಬರೆದುಕೊಳ್ಳಬೇಕಾದ ಸಂಗತಿ.

ಅಕ್ಕಿಯ ವಿಷಯದಲ್ಲೂ ಹಾಗೆಯೇ. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಅದರ ಮೇಲಿನವರಿಗೆ 150 ಗ್ರಾಂ ಅಕ್ಕಿ. ನಮ್ಮ ಲೆಕ್ಕದ ಶಾಲೆಯಲ್ಲಿ ಚಿಕ್ಕವರು 120, ದೊಡ್ಡವರು 60 ಎಂದರೆ ಎಲ್ಲರೂ ಬಂದ ದಿನ 21 ಕಿಲೊ ಅಕ್ಕಿ ಬೇಯಬೇಕು. ಹೊಸ ಚೀಲ ಬಿಚ್ಚಿದ ದಿನ ಅನ್ನ ಮುದ್ದೆಯಾಗುವ ಭಯ ಇದ್ದೇ ಇರುತ್ತದೆ. ಅಕ್ಕಿ ಹೊಸತಾದರೆ ಕಡಿಮೆ ನೀರು ಹಿಡಿಯುತ್ತದೆ, ಹಳತಾದರೆ ಹೆಚ್ಚು. ಚೀಲದ ಮೇಲೆ ಅದೆಲ್ಲ ಬರೆದಿರುವುದಿಲ್ಲ. ಒಂದು ಹಿಡಿ ಅಕ್ಕಿಯನ್ನು ಬೇರೆ ಸಣ್ಣ ಪಾತ್ರೆಯಲ್ಲಿ ಬೇಯಿಸಿ ನೋಡಿದ ಮೇಲೆಯೇ ದೊಡ್ಡ ಪಾತ್ರೆಗೆ ಕೈ ಹಾಕುವ ಅಡುಗೆಯವರಿದ್ದಾರೆ. ಹೀಗೆ ಮಾಡುವವರನ್ನು "ಅನ್ನಪೂರ್ಣೆ" ಎಂದು ಹೊಗಳಿ ಬಿಟ್ಟರೆ ಆಕೆಯ ಜಾಣತನವೇ ಮುಚ್ಚಿಹೋಗುತ್ತದೆ. ಆ ಒಂದು ಹಿಡಿ ಅಕ್ಕಿಯ ಕಥೆ ಹೇಳಿ, ಕೇಳಿದವರಿಗೆ ಆಕೆ ಯಾರೆಂದು ಗೊತ್ತಾಗುತ್ತದೆ.

ನನ್ನ ಅನುಭವದಲ್ಲಿ ಅತ್ಯಂತ ಒಳ್ಳೆಯ ನೆನಪುಗಳು ಸಿಗುವುದು ಬಡಿಸುವ ಹಂತದಲ್ಲಿ. ಸಾಂಬಾರಿನಲ್ಲಿ ಬೇಳೆಯೂ ತರಕಾರಿಯೂ ತಳಕ್ಕೆ ಇಳಿಯುತ್ತವೆ. ಮೊದಲು ಕೂರುವವರು ಒಂದನೆಯ ತರಗತಿಯ ಮಕ್ಕಳು. ಮೇಲಿನಿಂದ ಸೌಟು ಅದ್ದಿ ಬಡಿಸುತ್ತ ಹೋದರೆ ಪುಟ್ಟ ಮಕ್ಕಳ ತಟ್ಟೆಗೆ ತಿಳಿನೀರು ಬೀಳುತ್ತದೆ, ಕೊನೆಯ ಸಾಲಿನ ದೊಡ್ಡ ಮಕ್ಕಳಿಗೆ ಬರೀ ಗಟ್ಟಿ. ಒಟ್ಟು ಬೇಳೆ ಸರಿಯಾಗಿಯೇ ಇರುತ್ತದೆ, 4 ಕಿಲೊ 200 ಗ್ರಾಂ ಹಾಕಿದ್ದು ಪುಸ್ತಕದಲ್ಲಿ ಬರೆದಿರುತ್ತದೆ. ಆದರೆ ಯಾವ ಮಗುವಿಗೆ ಎಷ್ಟು ಸಿಕ್ಕಿತು ಎಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅದು ಬಡಿಸುವವರ ಕೈಯಲ್ಲಿರುತ್ತದೆ. ಪ್ರತಿ ಸಲ ಸೌಟನ್ನು ತಳಕ್ಕೆ ಮುಟ್ಟಿಸಿ, ಒಮ್ಮೆ ತಿರುವಿ, ಎತ್ತಬೇಕು. 180 ಸಲ ಹಾಗೆ ಮಾಡುವಾಗ ಭುಜ ಸೋಲುತ್ತದೆ. "ತಳ ಮುಟ್ಟಿಸು, ತಳ ಮುಟ್ಟಿಸು" ಎಂದು ಹಿಂದಿನಿಂದ ಎಚ್ಚರಿಸುವವರು ಯಾರಾದರೂ ಇರಬೇಕು. ನಿಮ್ಮ ದೊಡ್ಡಕ್ಕ ದಿನವೂ ಹೇಳುತ್ತಿದ್ದ ಇಂಥ ಒಂದು ಮಾತು ಇದ್ದೇ ಇರುತ್ತದೆ. ಅದನ್ನು ಹುಡುಕಿ, ಅವರು ಹೇಳುತ್ತಿದ್ದ ಹಾಗೆಯೇ ಬರೆದುಕೊಳ್ಳಿ.

ದಿನಚರಿಯ ನೆನಪುಗಳ ಜೊತೆಗೆ ಒಂದು ಘಟನೆಯೂ ಬೇಕು. ಅದಕ್ಕೆ ಯೋಜನೆಯಲ್ಲೇ ಆದ ಬದಲಾವಣೆಗಳನ್ನು ಆಧಾರ ಮಾಡಿಕೊಳ್ಳಿ, ನೆನಪು ಬೇಗ ಮರುಕಳಿಸುತ್ತದೆ. ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. 2013ರ ಆಗಸ್ಟ್‌ನಲ್ಲಿ ಹಾಲು ಬಂತು, ಮೊದಲು ವಾರಕ್ಕೆ 3 ದಿನ, ನಂತರ 5 ದಿನ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಅಡುಗೆಮನೆಗೆ ಬೀಗ ಬಿತ್ತು, ಮತ್ತೆ ಒಲೆ ಹೊತ್ತಿದ್ದು 2021ರ ಅಕ್ಟೋಬರ್‌ನಲ್ಲಿ. ಆಮೇಲೆ ಮೊಟ್ಟೆ ಬಂತು, ರಾಗಿ ಮಾಲ್ಟ್ ಬಂತು. ಪ್ರತಿಯೊಂದು ಬದಲಾವಣೆಯೂ ಅಡುಗೆಯವರ ಮೇಲೆ ಹೊಸ ಕೆಲಸ ತಂದಿದೆ. "ಮೊದಲ ದಿನ ಹಾಲು ಮಾಡಿದಾಗ ಏನಾಯಿತು? ಬೀಗ ತೆಗೆದ ದಿನ ಏನಾಯಿತು?" ಎಂದು ಕೇಳಿ ನೋಡಿ, ಮಾತು ತಾನಾಗಿ ಹರಿಯುತ್ತದೆ.

ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು

ಕೂಡಿಸಿದ್ದೆಲ್ಲ ಭಾಷಣಕ್ಕೆ ಬೇಡ. ಒಂದು ಅಭ್ಯಾಸ, ಒಂದು ಘಟನೆ, ಮತ್ತು ಇಬ್ಬರು ಸಹಾಯಕರೂ ಆಕೆಯಿಂದ ಕಲಿತ ಒಂದೊಂದು ಕೆಲಸ, ಇಷ್ಟು ಸಾಕು. ಆಯ್ಕೆ ಮಾಡುವಾಗ ಸಭೆಯಲ್ಲಿ ಕೂತವರಿಗೆ ಗೊತ್ತಿಲ್ಲದ ಸಂಗತಿಗೆ ಮೊದಲ ಸ್ಥಾನ ಕೊಡಿ. ಸಾಂಬಾರು ರುಚಿಯಾಗಿತ್ತು ಎಂದು ಮುಖ್ಯ ಶಿಕ್ಷಕರೂ ಹೇಳುತ್ತಾರೆ, ಮಕ್ಕಳೂ ಹೇಳುತ್ತಾರೆ. ಸೌಟು ತಳ ಮುಟ್ಟುತ್ತಿತ್ತು ಎಂದು ನೀವು ಮಾತ್ರ ಹೇಳಬಲ್ಲಿರಿ.

ಲೆಕ್ಕದ ಮಾತು ಬಂದಾಗ ಹಿತಮಿತವಿರಲಿ. "ಲಕ್ಷಾಂತರ ಊಟ ಬಡಿಸಿದ ಕೈ" ಎಂಬ ಮಾತು ಯಾರ ಕಣ್ಣಿಗೂ ಏನನ್ನೂ ಕಟ್ಟುವುದಿಲ್ಲ. "ದಿನಕ್ಕೆ 21 ಕಿಲೊ ಅಕ್ಕಿ ಆರಿಸಿ, ತೊಳೆದು, ಬಸಿದ ಕೈ" ಎಂದರೆ ಅಲ್ಲಿ ಕೂತ ಪ್ರತಿ ತಾಯಿಗೂ ಅದರ ಭಾರ ಗೊತ್ತು.

ಕೆಲವು ಸಂಗತಿಗಳನ್ನು ಆಕೆಯನ್ನು ಕೇಳದೆ ಎತ್ತಲೇಬಾರದು. ಮೊದಲನೆಯದು ಜಾತಿಯ ವಿಷಯ. ಅಡುಗೆಯವರ ಜಾತಿ ನೋಡಿ ಮಕ್ಕಳಿಗೆ ಊಟ ಬೇಡವೆಂದ ಪೋಷಕರು ಈ ರಾಜ್ಯದಲ್ಲಿ ಇದ್ದಾರೆ, ಅಂಥ ಅವಮಾನ ನುಂಗಿ ಒಲೆಯ ಮುಂದೆ ನಿಂತ ಹೆಂಗಸರು ಇದ್ದಾರೆ. ನಿಮ್ಮ ದೊಡ್ಡಕ್ಕ ಅದನ್ನು ಅನುಭವಿಸಿದ್ದರೆ, ಆ ಕಥೆ ಆಕೆಯದು. ಬೇಕೆಂದರೆ ಉತ್ತರದ ಮಾತಿನಲ್ಲಿ ಆಕೆಯೇ ಹೇಳಲಿ. ನೀವು ಗೌರವದಿಂದ ಹೇಳಿದರೂ ಅದೇ ಊರಿನ ಅದೇ ಜನರ ಮುಂದೆ ಹಳೆಯ ಗಾಯ ಬಿಚ್ಚಿದಂತಾಗುತ್ತದೆ. "ಇದನ್ನು ಹೇಳಲೇ ದೊಡ್ಡಕ್ಕಾ?" ಎಂದು ಒಬ್ಬರೇ ಇದ್ದಾಗ ಕೇಳಿ. ಹೂಂ ಎಂದರೆ ಹೇಳಿ, ಬೇಡ ಎಂದರೆ ಕಾರಣ ಕೇಳಬೇಡಿ. ಮನೆಯ ಕಷ್ಟ, ಗಂಡನ ಕುಡಿತ, ಕಾಯಿಲೆ, ಇವಕ್ಕೂ ಇದೇ ಮಾತು ಅನ್ವಯಿಸುತ್ತದೆ. "ಎಷ್ಟು ಕಷ್ಟವಿದ್ದರೂ ನಗುನಗುತ್ತಾ ಬಂದರು" ಎಂದು ಹೇಳುವ ಆಸೆ ಎಲ್ಲರಿಗೂ ಇರುತ್ತದೆ. ಆಕೆಯ ಮಕ್ಕಳು, ಸೊಸೆ, ಬೀಗರು ಮುಂದೆ ಕೂತಿರುತ್ತಾರೆ ಎಂಬುದು ನೆನಪಿರಲಿ.

ಎರಡನೆಯದು ನಿವೃತ್ತಿಯ ನಂತರದ ಬದುಕು. ಶಿಕ್ಷಕರ ಬೀಳ್ಕೊಡುಗೆಯಲ್ಲಿ ಹೇಳುವ "ವಿಶ್ರಾಂತ ಜೀವನ ಸುಖಕರವಾಗಿರಲಿ" ಎಂಬ ಸಾಲನ್ನು ದಯವಿಟ್ಟು ಇಲ್ಲಿಗೆ ಎತ್ತಿಕೊಂಡು ಬರಬೇಡಿ. ಬಿಸಿಯೂಟದವರು ದುಡಿಯುವುದು ಗೌರವ ಸಂಭಾವನೆಗೆ. ಶಿಕ್ಷಕರಿಗೆ ಬರುವಂತೆ ತಿಂಗಳ ಪಿಂಚಣಿ ಅವರಿಗೆ ಬರುವುದಿಲ್ಲ. ನಾಳೆಯಿಂದ ಆಕೆ ಹೊಲದ ಕೂಲಿಗೋ ಮದುವೆ ಮನೆಯ ಅಡುಗೆಗೋ ಹೋಗಬೇಕಾಗಬಹುದು. ಹಾಗೆಂದು ಸಂಭಾವನೆ, ಬಾಕಿ, ಬೇಡಿಕೆಗಳ ಮಾತನ್ನು ಈ ನಾಲ್ಕು ನಿಮಿಷಕ್ಕೆ ತುರುಕುವುದೂ ಸರಿಯಲ್ಲ. ಅದು ನ್ಯಾಯವಾದ ಮಾತೇ, ಆದರೆ ಅದಕ್ಕೆ ಸಂಘದ ಸಭೆ ಇದೆ, ಅಲ್ಲಿ ಗಟ್ಟಿಯಾಗಿ ಹೇಳಿ. ಇಲ್ಲಿ ಆಗುವ ಕೆಲಸವೊಂದನ್ನು ಹೇಳಿ: ನಿವೃತ್ತಿಯಾದವರಿಗೆ ಸಿಗಬೇಕಾದ ಹಣದ ಅರ್ಜಿಗೆ ನಾವು ಜೊತೆಗೆ ಬರುತ್ತೇವೆ, ತಾಲ್ಲೂಕು ಕಚೇರಿಗೆ ಒಬ್ಬರೇ ಅಲೆಯಬೇಡಿ, ಎನ್ನುವಂಥದ್ದು. ಹೇಳಿದರೆ ಮಾಡಲೇಬೇಕು, ಅಷ್ಟೇ.

ಮೂರನೆಯದು ಅಡುಗೆಮನೆಯ ಗುಟ್ಟುಗಳು. ಅಧಿಕಾರಿ ಬಂದ ದಿನ ಸಾಂಬಾರು ಹೊತ್ತಿದ್ದು, ಬೇಳೆ ಕಡಿಮೆ ಬಿದ್ದ ದಿನ ಎಲ್ಲಿಂದಲೋ ಹೊಂದಿಸಿದ್ದು, ಯಾರ ಜೊತೆಗೋ ಜಗಳವಾಡಿದ್ದು. ಇವು ನಿಮ್ಮ ನಡುವೆ ನಗಲು ಚೆನ್ನ. ಸಭೆಯಲ್ಲಿ ಹೇಳಿದರೆ ದಾಖಲೆ ನೋಡುವವರು ಬೇರೆಯೇ ಅರ್ಥ ಹುಡುಕಬಹುದು.

ಇಷ್ಟಾದ ಮೇಲೆ ಎರಡು ವಿವರಗಳನ್ನು ಶಾಲೆಯ ದಾಖಲೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ: ಆಕೆ ಸೇರಿದ ವರ್ಷ ಮತ್ತು ಆಕೆಯ ಪೂರ್ತಿ ಹೆಸರು. ಎಲ್ಲರೂ ಅಕ್ಕ ಎಂದೇ ಕರೆಯುವುದರಿಂದ ಹೆಸರು ಜೊತೆಯವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಆ ದಿನ ಆಕೆಯ ಪೂರ್ತಿ ಹೆಸರು ಮೈಕಿನಲ್ಲಿ ಒಮ್ಮೆಯಾದರೂ ಕೇಳಿಸಬೇಕು.

ಇಬ್ಬರ ನಡುವೆ ಮಾತು ಹಂಚುವುದು

ಇಬ್ಬರಲ್ಲಿ ಒಬ್ಬರಿಗೆ ಓದು ಬರೆಹ ಬಾರದಿರಬಹುದು. ಅದರಿಂದ ತೊಂದರೆಯಿಲ್ಲ. ಆದರೆ ಬರೆದದ್ದನ್ನು ಬಾಯಿಪಾಠ ಮಾಡಿಸಲು ಹೋಗಬೇಡಿ. ಒಂದು ಪದ ಮರೆತರೆ ಪೂರ್ತಿ ನಿಂತುಬಿಡುತ್ತದೆ. ಓದಲು ಬರುವವರು ಆರಂಭ ಮತ್ತು ಘಟನೆಯ ಭಾಗವನ್ನು ಹಾಳೆ ನೋಡಿ ಹೇಳಲಿ. ಇನ್ನೊಬ್ಬರು ಕೆಲಸದ ಭಾಗ ತೆಗೆದುಕೊಳ್ಳಲಿ. ಕೆಲಸಕ್ಕೆ ತನ್ನದೇ ಸರದಿ ಇದೆ: ಮೊದಲು ಬೆಚ್ಚಗಿನ ನೀರು, ಆಮೇಲೆ ಪುಡಿ, ಆಮೇಲೆ ಬೆರಳು. ಅದನ್ನು ಯಾರೂ ಮರೆಯುವುದಿಲ್ಲ, ಕೈಯಾಡಿಸುತ್ತ ಹೇಳಿದರೆ ಮಾತೂ ಬರುತ್ತದೆ.

ಅಡುಗೆಮನೆಯಲ್ಲಿ ದೊಡ್ಡಕ್ಕನಿಗೆ ಹೇಗೆ ಹೇಳುತ್ತೀರೋ ಹಾಗೆಯೇ ಇಲ್ಲೂ ಹೇಳಿ. "ನೀವು" ಎಂದು ಮಾತನಾಡುವವರು "ತಾವು" ಎಂದು ಬದಲಿಸಿಕೊಂಡರೆ ನಾಲಿಗೆ ತೊಡರುತ್ತದೆ. ವೇದಿಕೆಯ ಮೇಲಿನ ಗಣ್ಯರನ್ನು ಒಬ್ಬೊಬ್ಬರಾಗಿ ಹೆಸರಿಸುವ ಕೆಲಸ ನಿರೂಪಕರದು. ನೀವು "ಎಲ್ಲರಿಗೂ ನಮಸ್ಕಾರ" ಎಂದು ನೇರವಾಗಿ ಆಕೆಯತ್ತ ತಿರುಗಿ.

ಕೆಳಗಿನದು ಈ ಶಾಲೆಗೆಂದು ಸಿದ್ಧಪಡಿಸಿದ ಮಾದರಿ. ಓದಲು ಅನುಕೂಲವಾಗಲೆಂದು ಬರೆಹದ ಕನ್ನಡದಲ್ಲಿದೆ, ಹೇಳುವಾಗ ನಿಮ್ಮ ಊರಿನ ಮಾತಿನಲ್ಲೇ ಹೇಳಿ.

ಮೊದಲನೆಯವರು:

"ಎಲ್ಲರಿಗೂ ನಮಸ್ಕಾರ. ದೊಡ್ಡಕ್ಕನ ಹೆಸರು ಹಾಜರಿ ಪುಸ್ತಕದಲ್ಲಿ ಪೂರ್ತಿಯಾಗಿದೆ, ಅದನ್ನು ಈಗ ಹೇಳುತ್ತೇನೆ. (ಇಲ್ಲಿ ಪೂರ್ತಿ ಹೆಸರು.) ನಮಗೆ ಮಾತ್ರ ಅವರು ದೊಡ್ಡಕ್ಕ. 2003ರಲ್ಲಿ ಈ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಬಂದವರು. ಆಗ ಸೌದೆ ಒಲೆ. ನಾವಿಬ್ಬರು ಬರುವ ಹೊತ್ತಿಗೆ ಗ್ಯಾಸ್ ಬಂದಿತ್ತು, ಆ ಹೊಗೆ ಕುಡಿದವರು ಅವರೊಬ್ಬರೇ.

ನಾನು ಒಂದು ದಿನದ ವಿಷಯ ಹೇಳುತ್ತೇನೆ. ಕೊರೊನಾ ಮುಗಿದು ಮತ್ತೆ ಬಿಸಿಯೂಟ ಶುರುವಾದ ದಿನ. ಒಂದನೆಯ ತರಗತಿಯ ಮಕ್ಕಳು, ಎರಡನೆಯ ತರಗತಿಯ ಮಕ್ಕಳು, ಯಾರೂ ಶಾಲೆಯಲ್ಲಿ ಸಾಲಾಗಿ ಕೂತು ಊಟ ಮಾಡಿದವರೇ ಅಲ್ಲ. ತಟ್ಟೆಯನ್ನು ನೆಲದ ಮೇಲಿಡಬೇಕೋ ತೊಡೆಯ ಮೇಲಿಡಬೇಕೋ ಅವರಿಗೆ ತಿಳಿಯದು. ನಾನು ಎಂದಿನಂತೆ ತುಂಬಾ ಅನ್ನ ಹಾಕಲು ಹೋದೆ. ದೊಡ್ಡಕ್ಕ ಕೈ ಹಿಡಿದರು. 'ಅರ್ಧ ಹಾಕು, ಸಾಲು ಮುಗಿಸಿ ತಿರುಗಿ ಬಾ. ಎರಡನೇ ಸಲ ಕೇಳುವುದನ್ನು ಮಕ್ಕಳು ಮೊದಲು ಕಲಿಯಲಿ' ಎಂದರು. ಅಂದು ಮಕ್ಕಳು ಅನ್ನ ಚೆಲ್ಲಲಿಲ್ಲ. ಮೂರನೇ ದಿನಕ್ಕೆ ಎಲ್ಲರೂ 'ಅಜ್ಜೀ, ಇನ್ನೂ ಸ್ವಲ್ಪ' ಎಂದು ಕೂಗುತ್ತಿದ್ದರು. ಆ ಮಕ್ಕಳೇ ಈಗ ಇಲ್ಲಿ ದೊಡ್ಡ ತರಗತಿಯ ಸಾಲಿನಲ್ಲಿ ಕೂತಿದ್ದಾರೆ."

ಎರಡನೆಯವರು:

"ನನಗೆ ಭಾಷಣ ಬರುವುದಿಲ್ಲ. ದೊಡ್ಡಕ್ಕ ಕಲಿಸಿದ್ದನ್ನು ಹೇಳುತ್ತೇನೆ. ಹಾಲಿನ ಪುಡಿಗೆ ಕುದಿಯುವ ನೀರು ಹಾಕಬಾರದು. ಬೆಚ್ಚಗಿನ ನೀರು, ಸ್ವಲ್ಪವೇ. ಆಮೇಲೆ ಹೀಗೆ ಬೆರಳು ಆಡಿಸಿ ನೋಡಬೇಕು. ಗಂಟು ಸಿಕ್ಕಿದರೆ ಅಲ್ಲೇ ಒಡೆಯಬೇಕು. ನಾನು ಬಂದ ಮೊದಲ ವಾರ 'ಸೋಸಿದರಾಯಿತು ಬಿಡಿ' ಎಂದೆ. 'ಸೋಸಿದರೆ ಆ ಗಂಟು ಮಕ್ಕಳಿಗೆ ಹೋಗಲಿಲ್ಲ, ಚರಂಡಿಗೆ ಹೋಯಿತು. ಅದು ಅವರ ಹಾಲು' ಎಂದರು.

ಸಾಂಬಾರು ಬಡಿಸುವಾಗ ದಿನಕ್ಕೆ ಎಷ್ಟು ಸಲ 'ತಳ ಮುಟ್ಟಿಸು' ಎನ್ನುತ್ತಿದ್ದರೋ. ಕೆಲವು ದಿನ ನನಗೆ ಸಿಟ್ಟೂ ಬಂದಿದೆ. ನನ್ನ ಮಗಳು ಇದೇ ಶಾಲೆಗೆ ಸೇರಿ ಮೊದಲನೇ ಸಾಲಿನಲ್ಲಿ ಕೂತ ದಿನ ಅವಳ ತಟ್ಟೆಯಲ್ಲಿ ಬೇಳೆ ನೋಡಿದೆ. ಅವತ್ತಿನಿಂದ ಸಿಟ್ಟು ಬಂದಿಲ್ಲ.

ದೊಡ್ಡಕ್ಕ, ನಾಳೆಯಿಂದ ನೀವು ಹಿಂದೆ ನಿಂತಿರುವುದಿಲ್ಲ. ನಾವು ತಳ ಮುಟ್ಟಿಸಿಯೇ ಬಡಿಸುತ್ತೇವೆ. ನಿಮಗೆ ಬರಬೇಕಾದ ಹಣದ ಕಾಗದಪತ್ರಕ್ಕೆ ಸೋಮವಾರ ನಾನು ನಿಮ್ಮ ಜೊತೆ ಬರುತ್ತೇನೆ. ಹೊಸ ಅಕ್ಕಿ ಚೀಲ ಬಿಚ್ಚಿದ ದಿನ ಒಂದು ಹಿಡಿ ನಿಮ್ಮ ಮನೆಗೆ ತಂದು ತೋರಿಸಿ, ನೀರು ಎಷ್ಟು ಎಂದು ಕೇಳುತ್ತೇವೆ. ಬೈಯದೆ ಹೇಳಬೇಕು."

ಈ ಮಾದರಿಯಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ತ್ಯಾಗಮಯಿ, ಕರುಣಾಮಯಿ, ನಿಸ್ವಾರ್ಥ ಸೇವೆ ಎಂಬ ಮಾತುಗಳನ್ನು ಬೇರೆಯವರು ಅಂದು ಸಾಕಷ್ಟು ಆಡಿರುತ್ತಾರೆ. "ಅದು ಅವರ ಹಾಲು" ಎಂದು ಆಕೆ ಹೇಳಿದ್ದನ್ನು ಹೇಳಿದರೆ ಕರುಣೆ ಎನ್ನುವ ಪದವನ್ನು ಕೇಳಿದವರೇ ಸೇರಿಸಿಕೊಳ್ಳುತ್ತಾರೆ. ಜೊತೆಗೆ, ಸಿಟ್ಟು ಬಂದಿತ್ತು ಎಂಬ ಮಾತನ್ನು ತೆಗೆದುಹಾಕಬೇಡಿ. ಒಟ್ಟಿಗೆ ದುಡಿದವರ ನಡುವೆ ಸಿಟ್ಟು ಬಂದೇ ಬರುತ್ತದೆ. ಅದು ಇದ್ದರೆ ಉಳಿದ ಮಾತೂ ನಂಬಿಕೆಗೆ ಅರ್ಹವಾಗುತ್ತದೆ. ಆದರೆ ಸಿಟ್ಟು ಕರಗಿದ ಬಗೆಯನ್ನೂ ಹೇಳಬೇಕು, ಇಲ್ಲವಾದರೆ ಅದು ದೂರಿನಂತೆ ಕೇಳಿಸುತ್ತದೆ.

ಹೇಳಿ ನೋಡುವುದು

ಹಿಂದಿನ ದಿನ ಪಾತ್ರೆ ತೊಳೆದಾದ ಮೇಲೆ ಖಾಲಿ ತರಗತಿಯಲ್ಲಿ ನಿಂತು ಒಂದು ಸಲ ಪೂರ್ತಿ ಹೇಳಿ, ಮೂರನೆಯವರೊಬ್ಬರು ಮೊಬೈಲ್‌ನಲ್ಲಿ ಸಮಯ ನೋಡಲಿ. ಮೇಲಿನ ಮಾದರಿ ನಿಧಾನವಾಗಿ ಹೇಳಿದರೂ ನಾಲ್ಕೈದು ನಿಮಿಷದೊಳಗೆ ಮುಗಿಯುತ್ತದೆ. ಹತ್ತು ನಿಮಿಷ ದಾಟಿದರೆ ಒಂದು ನೆನಪು ಹೆಚ್ಚಾಗಿದೆ ಎಂದರ್ಥ, ಪೂರ್ತಿಯಾಗಿ ತೆಗೆಯಿರಿ. ಎಲ್ಲವನ್ನೂ ಸ್ವಲ್ಪಸ್ವಲ್ಪ ಮೊಟಕುಗೊಳಿಸಿದರೆ ಯಾವ ಕಥೆಯೂ ಅರ್ಥವಾಗದೆ ಹೋಗುತ್ತದೆ.

ಕೇಳುತ್ತಿರುವವರು ಎಲ್ಲಿ ತಲೆ ಎತ್ತಿದರು, ಎಲ್ಲಿ ಬೇರೆ ಕಡೆ ನೋಡಿದರು ಎಂದು ಗಮನಿಸಿ. ಬೇರೆ ಕಡೆ ನೋಡಿದ ಜಾಗದಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಪದ ಕೂತಿರುತ್ತದೆ. ಬಾಯಿಗೆ ಒಗ್ಗದ ಪದವಿದ್ದರೆ ಅದನ್ನು ಆಗಲೇ ಬದಲಿಸಿ, "ವಯೋನಿವೃತ್ತಿ" ಎನ್ನಲು ತಡವರಿಸುವವರು "ಕೆಲಸದಿಂದ ಬಿಡುಗಡೆ" ಎಂದರೆ ಏನೂ ಕೊರತೆಯಾಗದು.

ಅಳು ಬರುತ್ತದೆ, ಅದಕ್ಕೂ ಸಿದ್ಧತೆ ಬೇಕು. ಇಬ್ಬರೂ ಅಕ್ಕಪಕ್ಕ ನಿಲ್ಲಿ. ಒಬ್ಬರ ಗಂಟಲು ಕಟ್ಟಿದರೆ ಇನ್ನೊಬ್ಬರು ತಮ್ಮ ಭಾಗ ಶುರುಮಾಡಲಿ, ಮೊದಲಿನವರು ಸುಧಾರಿಸಿಕೊಂಡು ಮತ್ತೆ ಹೇಳಬಹುದು. ಇಬ್ಬರಿಗೂ ಆಗದಿದ್ದರೆ ಹಾಳೆಯನ್ನು ಓದಲು ಏಳನೆಯ ತರಗತಿಯ ಒಬ್ಬ ಹುಡುಗಿಗೆ ಮೊದಲೇ ಹೇಳಿಟ್ಟಿರಿ. ಮೈಕು ಇದ್ದರೆ ಒಳ್ಳೆಯದೇ, ಆದರೆ ಮೂವತ್ತು ನಲವತ್ತು ಜನ ಕೂರುವ ಕೋಣೆಗೆ ಅದು ಬೇಕಿಲ್ಲ. ಕೈಯಲ್ಲಿ ಮೈಕು ಹಿಡಿದರೆ ಹಾಲು ಕಲಸುವುದನ್ನು ತೋರಿಸಲು ಕೈ ಖಾಲಿ ಇರುವುದಿಲ್ಲ.

ಕಾಣಿಕೆ ಕೊಡುವುದಾದರೆ ಒಂದು ಎಚ್ಚರ. ದೊಡ್ಡಕ್ಕ ವರ್ಷಗಟ್ಟಲೆ ಹಿಡಿದ ಸೌಟನ್ನೇ ಕೊಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಸೆ ಒಳ್ಳೆಯದು, ಆದರೆ ಆ ಸೌಟು ಶಾಲೆಯ ಸ್ವತ್ತು, ಪಾತ್ರೆ ಪರಿಕರಗಳ ದಾಸ್ತಾನು ಪುಸ್ತಕದಲ್ಲಿ ಅದರ ಲೆಕ್ಕವಿರುತ್ತದೆ. ಮುಖ್ಯ ಶಿಕ್ಷಕರ ಜೊತೆ ಮಾತನಾಡಿ ಹೊಸದೊಂದನ್ನು ತಂದು ಅಲ್ಲಿ ಸೇರಿಸಿ, ಅದು ಬರೆಹದಲ್ಲಿ ದಾಖಲಾಗಿ, ಆಮೇಲೆ ಹಳೆಯದನ್ನು ಕೊಡಲು ಸಾಧ್ಯವೇ ಎಂದು ಕೇಳಿ. ಆಗದು ಎಂದರೆ ಒತ್ತಾಯ ಬೇಡ. ಸೀರೆ, ಕುಪ್ಪಸದ ಕಣ, ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ನೀವಿಬ್ಬರೂ ಒಟ್ಟಿಗೆ ಕೊಡಿ. ಭಾಷಣ ಮುಗಿದ ಕೂಡಲೇ ಕೊಡುವುದು ಸರಿಯಾದ ಹೊತ್ತು, ಕಣ್ಣೊರೆಸಿಕೊಳ್ಳಲು ಆಕೆಗೂ ಒಂದು ನಿಮಿಷ ಸಿಗುತ್ತದೆ.

ಆಮೇಲೆ ಆಕೆಯ ಸರದಿ. ಮಾತನಾಡಲೇಬೇಕು ಎಂದು ಒತ್ತಾಯಿಸಬೇಡಿ. ಎದ್ದು ನಿಂತು ಕೈಮುಗಿದು ಕೂತರೂ ಅದೇ ಉತ್ತರ. ಮಾತಿಗೆ ಶುರುವಿಟ್ಟರೆ ನಿರೂಪಕರು ಗಡಿಯಾರ ನೋಡದಿರಲಿ. ಹಾಲಿನ ಗಂಟಿನ ವಿಷಯದಲ್ಲಿ ಆಕೆ ನಿಮ್ಮನ್ನು ತಿದ್ದಲೂಬಹುದು, ತಿದ್ದಿಸಿಕೊಳ್ಳಿ. ಹೇಳಿದ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಗೆ ನಕಲು ಮಾಡಿ, ಕೆಳಗೆ ಇಬ್ಬರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ದಿನಾಂಕ ಬರೆದು ಆಕೆಯ ಮಗಳ ಅಥವಾ ಸೊಸೆಯ ಕೈಗೆ ಕೊಡಿ. ಸಭೆಯ ಗಲಾಟೆಯಲ್ಲಿ ಅರ್ಧ ಮಾತು ಆಕೆಗೆ ಕೇಳಿಸಿರುವುದಿಲ್ಲ, ಮನೆಯಲ್ಲಿ ಓದಿಸಿಕೊಂಡು ಕೇಳುತ್ತಾರೆ.